ಹೆಸರು ಬದಲಾದ ಕಂಪನಿಯೋ, ಬೇರೆಯೇ ಕಂಪನಿಯೋ?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಅಡಿಕೆ ತೋಟ. ಪೈಪು, ಮೋಟರು ಕೊಳ್ಳುವ ಪ್ರೈವೇಟ್ ಲಿಮಿಟೆಡ್ ಕಂಪನಿಯ ಬಿಲ್ಲಿನಲ್ಲಿ ಈ ಸಲ ಹೆಸರು ಬೇರೆ ಇದೆ. ಹೆಸರು ಬದಲಾಗಿದೆ, ಹೊಸ ಖಾತೆಗೆ ಹಣ ಹಾಕಿ ಎನ್ನುತ್ತಾರೆ. ಅದೇ ಕಂಪನಿ ಎಂದು ತಿಳಿಯುವುದು ಹೇಗೆ?

ಹಳೆಯ ಬಿಲ್ಲನ್ನೂ ಹೊಸ ಬಿಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡು, ಹೆಸರಿನ ಗೊಡವೆ ಬಿಟ್ಟು, 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ನೋಡಿ. ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಆ ಸಂಸ್ಥೆಯ ಪ್ಯಾನ್. ಕಂಪನಿ ಹೆಸರು ಬದಲಾಯಿಸಿಕೊಂಡರೂ ಪ್ಯಾನ್ ಬದಲಾಗುವುದಿಲ್ಲ. ಆದ್ದರಿಂದ ಈ ಹತ್ತು ಅಕ್ಷರಗಳು ಎರಡೂ ಬಿಲ್ಲಿನಲ್ಲಿ ಒಂದೇ ಆಗಿರಬೇಕು.

ಪ್ಯಾನಿನ ನಾಲ್ಕನೆಯ ಅಕ್ಷರ ಕಂಪನಿಗಾದರೆ C, ಪಾಲುದಾರಿಕೆ ಸಂಸ್ಥೆಗಾದರೆ F, ಒಬ್ಬ ವ್ಯಕ್ತಿಯ ಅಂಗಡಿಗಾದರೆ P. ಕಂಪನಿಯ ಪ್ಯಾನಿನಲ್ಲಿ ಐದನೆಯದು, ಪ್ಯಾನ್ ಪಡೆದಾಗ ಇದ್ದ ಹೆಸರಿನ ಮೊದಲ ಅಕ್ಷರ. ಉದಾಹರಣೆಗೆ, 'ತುಂಗಾ' ಎಂದು ಶುರುವಾಗುತ್ತಿದ್ದ ಕಂಪನಿ ಈಗ 'ಶರಾವತಿ' ಎಂದಾಗಿದ್ದರೆ ಅಲ್ಲಿ ಇನ್ನೂ T ಉಳಿದಿರಬೇಕು. S ಇದ್ದರೆ ಅದು ಹೆಸರು ಬದಲಾದ ಕಂಪನಿಯಲ್ಲ, ಹೊಸದಾಗಿ ಹುಟ್ಟಿದ್ದು. ಮಾಲೀಕರು ಅವರೇ ಇರಬಹುದು, ಆದರೆ ನೀವು ಹಳೆಯದಕ್ಕೆ ಕೊಟ್ಟ ಮುಂಗಡವೂ ಅದರ ವಾರಂಟಿಯೂ ತಾವಾಗಿ ಹೊಸದಕ್ಕೆ ಬರುವುದಿಲ್ಲ.

ಇದಾದ ಮೇಲೆ ಜಿಎಸ್‌ಟಿ ಜಾಲತಾಣದ Search Taxpayer ಪುಟದಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಿ. ಅಲ್ಲಿ Legal Name of Business ಎಂಬುದನ್ನೇ ನಂಬಬೇಕು, ಏಕೆಂದರೆ Trade Name ಎಂಬುದು ವ್ಯಾಪಾರಿ ತಾನೇ ಬರೆದುಕೊಡುವ ಹೆಸರು, ಅದೇ ಹೆಸರು ಇನ್ನೊಬ್ಬರಿಗೂ ಇರಬಹುದು. ಕಂಪನಿಗಳ ರಿಜಿಸ್ಟ್ರಾರರು ಈಗಾಗಲೇ ಇರುವ ಕಂಪನಿಯ ಹೆಸರನ್ನೇ ತೀರಾ ಹೋಲುವ ಹೆಸರನ್ನು ಮತ್ತೊಂದು ಕಂಪನಿಗೆ ಕೊಡುವುದಿಲ್ಲವಾದರೂ, ಒಬ್ಬರೇ ನಡೆಸುವ ಅಂಗಡಿಯ ಹೆಸರು ಅವರ ಮುಂದೆ ಹೋಗುವುದೇ ಇಲ್ಲ. ಶಿವಮೊಗ್ಗದಲ್ಲಿ ವ್ಯಾಪಾರಿಗಳ ಲೆಕ್ಕ ಬರೆಯುವ ನನಗೆ 'ಮಲ್ನಾಡ್' ಎಂದು ಶುರುವಾಗುವ ಬಿಲ್ಲುಗಳನ್ನು ಬೇರ್ಪಡಿಸುವುದೇ ಒಂದು ಕೆಲಸ.

ಹೆಸರು ನಿಜವಾಗಿ ಬದಲಾಗಿದ್ದರೆ ರಿಜಿಸ್ಟ್ರಾರರು ಕೊಟ್ಟ ಹೊಸ ಪ್ರಮಾಣಪತ್ರ ಅವರ ಬಳಿ ಇರುತ್ತದೆ, ಪ್ರತಿ ಕೇಳಿ. 2013ರ ಕಂಪನಿ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಎರಡು ವರ್ಷ ಬಿಲ್ಲಿನಲ್ಲಿ ಹಳೆಯ ಹೆಸರನ್ನೂ ಮುದ್ರಿಸಬೇಕು.

ವಿಲೀನದ ಮಾತು ಬೇರೆ. ಭದ್ರಾವತಿಯ ವಿಐಎಸ್ಎಲ್ ಅನ್ನು ಜನ ಇಂದಿಗೂ ಹಾಗೆಯೇ ಕರೆದರೂ ಅದು 1998ರಲ್ಲಿ ಸೈಲ್‌ನಲ್ಲಿ ವಿಲೀನವಾಯಿತು. ಅಂಥ ಕಡೆ ಪ್ಯಾನ್ ವಿಲೀನ ಮಾಡಿಕೊಂಡ ಕಂಪನಿಯದಾಗಿರುತ್ತದೆ.

ಇಷ್ಟೆಲ್ಲ ಹೊಂದಿದರೂ ಹಣ ಹಾಕುವಂತಿಲ್ಲ. ಸರಿಯಾದ ಜಿಎಸ್‌ಟಿ ಸಂಖ್ಯೆಯನ್ನು ಯಾರು ಬೇಕಾದರೂ ನಕಲು ಮಾಡಿ, ಕೆಳಗೆ ತಮ್ಮ ಖಾತೆಯ ಸಂಖ್ಯೆ ಬರೆಯಬಹುದು. ಹೆಸರು ಬದಲಾಯಿತೆಂದು ಖಾತೆಯ ಸಂಖ್ಯೆ ಬದಲಾಗಬೇಕಾದ್ದೂ ಇಲ್ಲ. ಹೊಸ ಬಿಲ್ಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿ ಮೊದಲಿನಿಂದಲೂ ಇರುವ ನಂಬರಿಗೆ ಕರೆ ಮಾಡಿ ಖಾತೆಯ ಸಂಖ್ಯೆಯನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಿ.