ಫ್ರೆಂಚ್ ಟೀಮಿಗೆ ಡೆಡ್‌ಲೈನ್ ನೆನಪಿಸುವುದು ಹೇಗೆ?

"ಫ್ರಾನ್ಸ್‌ನ ಟೀಮಿಗೆ ಡೆಡ್‌ಲೈನ್ ನೆನಪಿಸಿ ಮೇಲ್ ಹಾಕಿದರೆ ಬೈದ ಹಾಗಿದೆ ಅಂತಾರೆ. 'ನೀವು' ಅನ್ನುವ 'ವೂ' ತೆಗೆದು ಎಲ್ಲ ಕಡೆ 'ನಾವು' ಅನ್ನುವ 'ಒಂ' ಹಾಕಿದರೆ ಸರಿಹೋಗುತ್ತಾ?"

ಲಿಯಾನ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಇದೇ ಪೆಟ್ಟು ತಿಂದೆ. ಐದು ಜನ ಟೆಸ್ಟಿಂಗ್ ಫಲಿತಾಂಶವನ್ನು ಒಂದು ಶೀಟಿನಲ್ಲಿ ತುಂಬಬೇಕಿತ್ತು. ಗಡುವು ಗುರುವಾರ ಸಂಜೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ಎರಡು ಸಾಲು ಖಾಲಿ. ಐವರಿಗೂ ಬರೆದೆ: "ವೂ ನಾವೆ ತೂಜೂರ್ ಪಾ ರಾಂಪ್ಲಿ ಲ ತಾಬ್ಲೋ." ನನ್ನ ತಲೆಯಲ್ಲಿ ಅದು "ನೀವು ಇನ್ನೂ ಶೀಟ್ ತುಂಬಿಲ್ಲ" ಅಷ್ಟೇ.

ತಪ್ಪಿದ್ದದ್ದು ಆ "ಇನ್ನೂ"ದಲ್ಲಿ. ನಮಗೆ ಒಂದೇ ಪದ, ಅವರಿಗೆ ಎರಡು. "ಪಾಜಾಂಕೋರ್" ಅಂದರೆ ಇನ್ನೂ ಆಗಿಲ್ಲ, ಆಗುತ್ತದೆ. "ತೂಜೂರ್ ಪಾ" ಅಂದರೆ ಇಷ್ಟು ಹೊತ್ತಿಗೆ ಆಗಬೇಕಿತ್ತು, ಆದರೂ ಆಗಿಲ್ಲ. ಅದರಲ್ಲಿ ಬೇಸರ ಸೇರಿಕೊಂಡೇ ಇರುತ್ತದೆ. ಅದರ ಮುಂದೆ "ವೂ" ಬೇರೆ. ಅದು ಐವರಿಗೂ ತಗುಲಿತು, ಕೆಲಸ ಮುಗಿಸಿದ್ದ ಮೂವರಿಗೂ. ಅವರಲ್ಲೊಬ್ಬರು ಎಲ್ಲರಿಗೂ ಕಾಣುವಂತೆ ಉತ್ತರ ಕೊಟ್ಟರು: ನನ್ನ ಸಾಲು ಬುಧವಾರವೇ ತುಂಬಿದೆ, ನೋಡಿ. ಆಮೇಲೆ ತಿಂಗಳುಗಟ್ಟಲೆ ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಹಾಗಂತ ಎಲ್ಲ ಕಡೆ "ಒಂ" ಸುರಿಯಬೇಡಿ. ಅದು ಇನ್ನೂ ಕೆಟ್ಟದ್ದು. "ಒಂ" ಅಂದರೆ ನಾವು, ಯಾರೋ, ಎರಡೂ ಆಗುತ್ತದೆ. "ಶೀಟ್ ತುಂಬೋದು ಮರೆತಿದ್ದೀವಾ?" ಅಂತ "ಒಂ" ಹಾಕಿ ಕೇಳಿದರೆ ಮಗುವಿನ ಹತ್ತಿರ ಮಾತಾಡಿದ ಹಾಗಾಗುತ್ತದೆ. ತಪ್ಪನ್ನು "ಒಂ"ಗೆ ಅಂಟಿಸಿದರೆ, ಯಾರನ್ನು ಚುಚ್ಚಿದ್ದು ಅಂತ ಎಲ್ಲರೂ ಹುಡುಕುತ್ತಾರೆ.

ನಾನೀಗ ಬರೆಯುವುದು ಹೀಗೆ. ಒಪ್ಪಿಕೊಂಡದ್ದಕ್ಕೆ "ಒಂ": "ಒನಾವೆ ದೀ ಜದೀ", ಗುರುವಾರ ಅಂತ ಮಾತಾಗಿತ್ತಲ್ಲ. ಗಡುವನ್ನು ನಿಜಕ್ಕೂ ಎಲ್ಲರೂ ಸೇರಿ ಒಪ್ಪಿದ್ದರೆ ಮಾತ್ರ ಇದು ಸರಿ. ನೀವೊಬ್ಬರೇ ಇಟ್ಟ ದಿನವಾದರೆ ಸುಳ್ಳಾಗುತ್ತದೆ. ಬಾಕಿ ಇರುವುದಕ್ಕೆ ಕರ್ತೃವೇ ಬೇಡ: "ಇಲ್ ರೆಸ್ತ್" ಅಂತ ಶುರು ಮಾಡಿ ನಾಲ್ಕನೇ ಮತ್ತು ಏಳನೇ ಸಾಲು ಅಂತ ಬರೆಯಿರಿ. ಇದು ನಮಗೆ ಹೊಸದೇನಲ್ಲ. "ಎರಡು ಸಾಲು ಬಾಕಿ ಇವೆ" ಅಂತ ನಾವೂ ಹೇಳುತ್ತೇವಲ್ವಾ? ಅದರ ಮೊದಲು "ಸೋಫ್ ಎರರ್ ದ ಮ ಪಾರ್", ನಾನು ತಪ್ಪಾಗಿ ನೋಡಿಲ್ಲದಿದ್ದರೆ, ಅಂತ ಸೇರಿಸಿ. ಆ ದಿನ ಇದೊಂದಿದ್ದಿದ್ದರೂ ಸಾಕಿತ್ತು.

"ವೂ"ವನ್ನು ಕೊನೆಯ ಪ್ರಶ್ನೆಗೆ ಉಳಿಸಿಕೊಳ್ಳಿ: "ಪುವೆ ವೂ ಮ ದೀರ್", ಸೋಮವಾರ ಮಧ್ಯಾಹ್ನಕ್ಕೆ ಆಗುತ್ತಾ ಹೇಳುತ್ತೀರಾ? ಕೇಳುವಾಗ "ವೂ" ಚುಚ್ಚುವುದಿಲ್ಲ.

ಇನ್ನೊಂದು ಮಾತು. ಬಾಕಿ ಇರುವುದು ಒಬ್ಬರದೇ ಆದರೆ ಗುಂಪಿಗೆ ಮೇಲ್ ಹಾಕಲೇಬೇಡಿ. ಅವರೊಬ್ಬರಿಗೇ ಬರೆಯಿರಿ. ದಿನಾ "ತ್ಯೂ", ಅಂದರೆ ನೀನು, ಅಂತ ಮಾತಾಡುವವರಿಗೆ ಅಲ್ಲೂ "ತ್ಯೂ" ಅಂತಲೇ ಬರೆಯಿರಿ. ಅವತ್ತು ಮಾತ್ರ "ವೂ" ಅಂದರೆ ಮುನಿಸಿಕೊಂಡಿದ್ದೀರಿ ಅಂದುಕೊಳ್ಳುತ್ತಾರೆ.