ರಿಪೇರಿಗೆ ‘ಸಾಮಾನ್ಯವಾಗಿ’ ಎಷ್ಟು ದಿನ?

ಪ್ರಶ್ನೆ: ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಲೆಕ್ಕ ಹಾಕೋಕೆ ಬರುತ್ತೆ. ಆದರೆ ಒಂದೇ ಪಟ್ಟಿಗೆ ಮೂರು ಬೇರೆ ಬೇರೆ ಉತ್ತರ ಬಂದಾಗ ‘ಸಾಮಾನ್ಯವಾಗಿ ಇಷ್ಟು’ ಅಂತ ಯಾವುದನ್ನು ಹೇಳಬೇಕು?

ನಾನು ಯಂತ್ರ ರಿಪೇರಿ ವಿಭಾಗವೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. “ಸಾಮಾನ್ಯವಾಗಿ ಎಷ್ಟು ದಿನ ಆಗುತ್ತೆ?” ಎಂದು ದಿನವೂ ಯಾರಾದರೂ ಕೇಳುತ್ತಾರೆ. ಹಾಗಾಗಿ ಅಲ್ಲಿಯದೇ ಒಂದು ಪಟ್ಟಿ ಹಿಡಿದು ಹೇಳುತ್ತೇನೆ. 11 ಯಂತ್ರಗಳು ನಮ್ಮಲ್ಲಿ ಎಷ್ಟು ದಿನ ಇದ್ದವು ಎಂಬುದನ್ನು ಏರಿಕೆಯ ಕ್ರಮದಲ್ಲಿ ಬರೆದರೆ ಹೀಗೆ:

1, 1, 1, 2, 3, 4, 5, 6, 8, 30, 49

ಕೂಡಿದರೆ 110, ಅದನ್ನು 11ರಿಂದ ಭಾಗಿಸಿದರೆ ಸರಾಸರಿ 10. ಸಾಲಿನ ನಟ್ಟನಡುವೆ, ಅಂದರೆ ಆರನೆಯ ಜಾಗದಲ್ಲಿ ಇರುವುದು 4, ಅದು ಮಧ್ಯಾಂಕ. ಹೆಚ್ಚು ಸಲ ಬಂದಿರುವುದು 1, ಅದು ಬಹುಲಕ. ಕೆಲವರು ಇದನ್ನೇ ರೂಢಿಬೆಲೆ ಎಂದು ಕಲಿತಿರುತ್ತಾರೆ.

ಯಂತ್ರ ತಂದವರಿಗೆ “ಹತ್ತು ದಿನ” ಎಂದರೆ ತಪ್ಪು ಚಿತ್ರ ಕೊಟ್ಟಂತೆ. ಹನ್ನೊಂದರಲ್ಲಿ ಒಂಬತ್ತು ಯಂತ್ರಗಳು ಎಂಟು ದಿನದೊಳಗೇ ಹೊರಟಿವೆ, ಸರಿಯಾಗಿ ಹತ್ತು ದಿನ ಇದ್ದದ್ದು ಒಂದೂ ಇಲ್ಲ. ಕೊನೆಯ ಎರಡು ಯಂತ್ರಗಳು ಬಿಡಿಭಾಗಕ್ಕಾಗಿ ಕಾದು ಕೂತವು, 110ರಲ್ಲಿ 79 ದಿನ ಅವೆರಡರದ್ದೇ. ಸರಾಸರಿಯನ್ನು ಅಷ್ಟು ಮೇಲಕ್ಕೆ ಎಳೆದದ್ದೂ ಅವೇ. ಹೀಗೆ ಒಂದು ಕಡೆ ಉದ್ದ ಬಾಲ ಇರುವ ಪಟ್ಟಿಯಲ್ಲಿ, “ನನ್ನದು ಎಷ್ಟು ದಿನ?” ಎಂದು ಕೇಳುವವರಿಗೆ ಮಧ್ಯಾಂಕವೇ ಹೆಚ್ಚು ಹತ್ತಿರದ ಉತ್ತರ: ಅರ್ಧದಷ್ಟು ಕೆಲಸ ನಾಲ್ಕು ದಿನದೊಳಗೆ ಮುಗಿಯುತ್ತದೆ.

ಇಷ್ಟು ಓದಿ “ಹಾಗಾದರೆ ಮಧ್ಯಾಂಕವೇ ಒಳ್ಳೆಯದು” ಎಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡು ಪೆಟ್ಟು ತಿಂದಿದ್ದೇನೆ. ದಿನಕ್ಕೆ ಒಂದು ಯಂತ್ರ ಬರುತ್ತದೆ, ನಾಲ್ಕು ದಿನ ಇರುತ್ತದೆ, ನಾಲ್ಕೈದು ಯಂತ್ರ ಇಡುವಷ್ಟು ಕಪಾಟು ಸಾಕು ಎಂದು ಲೆಕ್ಕ ಕೊಟ್ಟೆ. ಕೆಲವೇ ವಾರಗಳಲ್ಲಿ ಓಡಾಡುವ ದಾರಿಯಲ್ಲೂ ಯಂತ್ರಗಳು ಕೂತವು. ಒಳಗೆ ಒಮ್ಮೆಗೆ ಎಷ್ಟು ಇರುತ್ತವೆ ಎಂಬುದನ್ನು ತೀರ್ಮಾನಿಸುವುದು ಬರುವ ವೇಗ ಮತ್ತು ಸರಾಸರಿ ಉಳಿಯುವ ಕಾಲದ ಗುಣಲಬ್ಧ. ದಿನಕ್ಕೆ 1, ಸರಾಸರಿ 10 ದಿನ, ಹಾಗಾಗಿ ಸುಮಾರು 10 ಯಂತ್ರ. ಇದನ್ನು ಲಿಟಲ್‌ನ ನಿಯಮ ಎನ್ನುತ್ತಾರೆ, ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಗಣಿತದ ಪುರಾವೆ ಪ್ರಕಟಿಸಿದರು. 49 ದಿನ ಕೂತ ಯಂತ್ರ ಅಷ್ಟೂ ದಿನ ಜಾಗ ಹಿಡಿದಿರುತ್ತದೆ. ಮಧ್ಯಾಂಕಕ್ಕೆ ಅದು ಕಾಣುವುದೇ ಇಲ್ಲ: ಆ 49 ನಾಳೆ 490 ಆದರೂ ಮಧ್ಯಾಂಕ 4ರಲ್ಲೇ ಇರುತ್ತದೆ. ಜಾಗ, ಖರ್ಚು, ಕೆಲಸಗಾರರ ಸಮಯ, ಹೀಗೆ ಒಟ್ಟು ಮೊತ್ತ ಬೇಕಾದ ಕಡೆಯಲ್ಲೆಲ್ಲ ಸರಾಸರಿಯನ್ನೇ ಹಿಡಿಯಬೇಕು.

ಮಧ್ಯಾಂಕ ಇನ್ನೊಂದು ಕಡೆಯೂ ಕೈ ಕೊಡುತ್ತದೆ, ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿ ಎರಡು ಗುಂಪಾಗಿ ಒಡೆದಿದ್ದರೆ ನೋಡಿ: 1, 1, 2, 2, 2, 20, 20, 21, 22. ಮಧ್ಯಾಂಕ 2. ಇದರಲ್ಲಿ ಒಂದೇ ಒಂದು 2 ಹೋಗಿ 20 ಆಗಲಿ, ಮಧ್ಯಾಂಕ ಥಟ್ಟನೆ 20ಕ್ಕೆ ಜಿಗಿಯುತ್ತದೆ. ಕೆಲಸದಲ್ಲಿ ಬದಲಾದದ್ದು ಒಂದು ಯಂತ್ರ, ವರದಿಯಲ್ಲಿ ಹತ್ತುಪಟ್ಟು ನಿಧಾನ. ಇಂಥ ಪಟ್ಟಿಗೆ ‘ಸಾಮಾನ್ಯ’ ಎಂಬ ಒಂದು ಬೆಲೆಯೇ ಇಲ್ಲ. ಬಿಡಿಭಾಗ ತರಿಸಬೇಕಾದವು, ಬೇಡವಾದವು ಎಂದು ಬೇರ್ಪಡಿಸಿ ಎರಡು ಉತ್ತರ ಕೊಡುವುದೇ ಸರಿ.

ಬಹುಲಕ ಬಟ್ಟೆಯ ಅಳತೆ, ದೋಷದ ಬಗೆ ಇಂಥವಕ್ಕೆ ಚೆನ್ನ. ‘ದೋಷದ ಬಗೆ’ಗೆ ಸರಾಸರಿ ಎಂಬುದೇ ಇರುವುದಿಲ್ಲವಲ್ಲ! ಆದರೆ ಅಳೆದ ಕಾಲಕ್ಕೆ ಅದನ್ನು ನಂಬುವುದು ಕಷ್ಟ. ನಮ್ಮ ಮೂರು 1ಗಳಲ್ಲಿ ಎರಡು, ರಿಪೇರಿಯೇ ಬೇಡ ಎಂದು ಮರುದಿನ ವಾಪಸ್ ಕಳಿಸಿದವು. ದಿನದ ಬದಲು ನಿಮಿಷದಲ್ಲಿ ಬರೆದಿದ್ದರೆ ಯಾವ ಸಂಖ್ಯೆಯೂ ಎರಡನೇ ಸಲ ಬರುತ್ತಿರಲಿಲ್ಲವೇನೋ. ಎರಡು ಬೆಲೆಗಳು ಸಮನಾಗಿ ಬಂದರೆ ಪೈಥಾನ್‌ನ `statistics.mode` ಮೊದಲು ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ (3.8ನೇ ಆವೃತ್ತಿಯಿಂದ ಹೀಗೆ). ಎಲ್ಲವೂ ಬೇಕೆಂದರೆ `statistics.multimode` ಬಳಸಿ.

ಸರಾಸರಿಗೂ ಮಧ್ಯಾಂಕಕ್ಕೂ 10 ಮತ್ತು 4ರಷ್ಟು ಅಂತರ ಕಂಡರೆ ನಾನು ಮೊದಲು ಚೌಕುಳಿ ಹಾಳೆಯಲ್ಲಿ ಒಂದೊಂದು ಬೆಲೆಗೆ ಒಂದೊಂದು ಚುಕ್ಕೆ ಇಡುತ್ತೇನೆ. ಬಾಲವೋ, ಎರಡು ಗುಂಪೋ, ಇಲ್ಲಾ 4 ಬರೆಯಲು ಹೋಗಿ 40 ಆಯಿತೋ ಎಂಬುದು ಆಗ ತಿಳಿಯುತ್ತದೆ. ಈಗ ಯಂತ್ರ ತಂದವರಿಗೆ ನಾವು ಹೇಳುವುದು ಇಷ್ಟು: “ಅರ್ಧದಷ್ಟು ಕೆಲಸ ನಾಲ್ಕು ದಿನದೊಳಗೆ ಮುಗಿಯುತ್ತೆ, ಬಿಡಿಭಾಗ ತರಿಸಬೇಕಾದರೆ ಒಂದು ತಿಂಗಳು ದಾಟಬಹುದು, ಯಾವುದು ಅಂತ ಬಿಚ್ಚಿ ನೋಡಿ ನಾಳೆ ಹೇಳ್ತೀವಿ.”