ಕುಸ್ತಿ ಕುಸಿತವಾದಾಗ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗನಿಗೆ ಒಂಬತ್ತು ವರ್ಷ. ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು.

“ಮೇಡಂ, ಕನ್ನಡ ಚೆನ್ನಾಗಿ ಓದ್ತಾನೆ. ಇಂಗ್ಲಿಷ್ ಅಂದ್ರೆ ಮಾತ್ರ ಕಳ್ಳಾಟ. ಡಿಸ್‌ಲೆಕ್ಸಿಯಾ ಇದ್ದಿದ್ರೆ ಎರಡರಲ್ಲೂ ಇರಬೇಕಿತ್ತು ಅಲ್ವಾ?” ಅಂದರು ತಾಯಿ.

ಓದಿನ ಆ ತೊಂದರೆ ಎರಡರಲ್ಲೂ ಇತ್ತು. ಕನ್ನಡದಲ್ಲಿ ಕಾಣಿಸಿರಲಿಲ್ಲ, ಅಷ್ಟೇ.

ಕಣ್ಣು, ಕಿವಿ ತೋರಿಸಿ ಆಗಿತ್ತು. ಎರಡನೇ ಕ್ಲಾಸಿನ ಕನ್ನಡ ಪಾಠ ಕೊಟ್ಟು ಗಡಿಯಾರ ನೋಡುತ್ತಾ ಕೂತೆ. ಇಡೀ ಪುಟದಲ್ಲಿ ತಪ್ಪು ಎರಡೇ. ಆದರೆ ನಿಮಿಷಕ್ಕೆ 16 ಪದ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದ. ಜೊತೆಗೆ ಬಂದಿದ್ದ, ಎರಡನೇ ಕ್ಲಾಸಿನ ತಂಗಿ ಅದೇ ಪುಟವನ್ನು ಅರ್ಧ ಹೊತ್ತಿನಲ್ಲಿ ಮುಗಿಸಿದಳು.

ಕನ್ನಡದಲ್ಲಿ ಬರೆದಂತೆ ಓದಬಹುದು. ಹಾಗಾಗಿ ತಡವಾದರೂ ಮಗು ಸರಿಯಾದ ಪದಕ್ಕೆ ಬಂದು ಮುಟ್ಟುತ್ತದೆ. ಇಟಾಲಿಯನ್, ಜರ್ಮನ್ ಮಕ್ಕಳಲ್ಲೂ ಹೀಗೇ: ತಪ್ಪು ಕಡಿಮೆ, ನಿಧಾನ ಜಾಸ್ತಿ. ನಾವು ತಪ್ಪು ಎಣಿಸುತ್ತೇವೆ, ಹೊತ್ತು ನೋಡುವುದಿಲ್ಲ.

ಒತ್ತಕ್ಷರ ಬಂದಾಗ ಮಾತ್ರ ಎಡವಿದ. ‘ಕುಸ್ತಿ’ಯನ್ನು ‘ಕುಸಿತ’ ಎಂದ. ಅದಕ್ಕೆ ಕಾರಣವಿದೆ. ಗುಡಿಸು ಇರುವುದು ‘ಸ’ದ ಮೇಲೆ, ‘ತ’ ಅದರ ಕೆಳಗೆ. ಕಣ್ಣಿಗೆ ಮೊದಲು ‘ಸಿ’ ಬೀಳುತ್ತದೆ, ಬಾಯಲ್ಲಿ ‘ಇ’ ಕೊನೆಗೆ ಬರಬೇಕು. ಕನ್ನಡ ನೇರ ಲಿಪಿಯಾದರೂ ಇಲ್ಲಿ ಸುಲಭವಲ್ಲ.

ಇಂಗ್ಲಿಷಿನಲ್ಲಿ ‘ಬಸ್’ ಬರೆಯಲು ಹೇಳಿದೆ. ಬಿ, ಎಸ್ ಎಂದಷ್ಟೇ ಬರೆದ. ನಡುವಿನ ಯು ಎಲ್ಲಿ? “‘ಬ’ದಲ್ಲೇ ‘ಅ’ ಇದೆಯಲ್ಲ ಮಿಸ್!” ನಗು ಬಂತು, ಆದರೆ ಅವನ ಲೆಕ್ಕ ಸರಿ. ‘ಬ’ ಅವನಿಗೆ ಒಂದೇ ತುಂಡು, ಒಳಗೆ ಎರಡು ದನಿ ಇದೆ ಎಂದು ಒಡೆದು ಗೊತ್ತಿಲ್ಲ. ಒಡೆಯಲು ಕಲಿತರೂ ಇಂಗ್ಲಿಷ್ ಬಿಡುವುದಿಲ್ಲ. ‘ಬಟ್’, ‘ಪುಟ್’ ಎರಡಕ್ಕೂ ಅದೇ ಯು. ಇಂಥ ಕಡೆ ನಿಧಾನದ ಜೊತೆ ತಪ್ಪೂ ರಾಶಿ ಬೀಳುತ್ತದೆ.

“ಹಾಗಾದ್ರೆ ಕನ್ನಡ ಬಿಡಿಸಿಬಿಡೋಣ್ವಾ?” ಎಂದರು ತಂದೆ. ಬೇಡ ಅಂದೆ. ದನಿ ಒಡೆಯಲು ಅವನಿಗಿರುವ ಮೆಟ್ಟಿಲೇ ಕನ್ನಡ. ದಿನಕ್ಕೆ ಹತ್ತು ನಿಮಿಷ ಬಟನ್ ಆಟ ಹೇಳಿಕೊಟ್ಟೆ: ‘ಕಿ’ಗೆ ಎರಡು ಬಟನ್, ಕ್ ಮತ್ತು ಇ. ‘ಸ್ತಿ’ಗೆ ಮೂರು. ಅದು ಕುದುರಿದ ಮೇಲೆ ಅದೇ ಬಟನ್‌ಗಳಲ್ಲಿ ‘ಬಸ್’. ‘ಪುಟ್’ನಂಥವು ವಾರಕ್ಕೆ ಐದೇ, ಬಾಯಿಪಾಠ. ಓದಿದ ಪುಟವನ್ನೇ ಮೂರು ದಿನ ಮತ್ತೆ ಓದಿಸಿ, ತಂಗಿಗೆ ಹೋಲಿಸಬೇಡಿ ಅಂತಲೂ ಹೇಳಿದೆ. ಆ ದಿನ ಹೋಲಿಸಿದ್ದು ನಾನೇ, ಅವನ ಎದುರಿಗೇ. ಅದು ನನ್ನ ತಪ್ಪು.

ಪೂರ್ತಿ ಪರೀಕ್ಷೆ, ಪ್ರಮಾಣಪತ್ರಕ್ಕೆ ತಜ್ಞರ ಬಳಿ ಕಳಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಇವನಿಗೆ ಬೇಕಿರುವುದು ಶಾಲೆಯ ಪರೀಕ್ಷೆಯಲ್ಲಿ ಹೆಚ್ಚು ಸಮಯ.

ಆರು ತಿಂಗಳಾದ ಮೇಲೆ ಬಂದಾಗ ‘ಕುಸ್ತಿ’ ಸರಿಯಾಗಿ ಓದಿದ. ‘ಬಸ್’ಗೆ ಯು ಬಂದಿತ್ತು. ಕನ್ನಡದ ವೇಗ ನಿಮಿಷಕ್ಕೆ 24 ಪದ, ಬೆರಳು ಇನ್ನೂ ಪುಟದ ಮೇಲೇ ಇತ್ತು.